ಎರಡು ಹೆಸರಿನ ಮನೆಯಲ್ಲಿ ಮಗುವಿನ ಹೆಸರು

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನಲ್ಲಿ ಮೊದಲನೆಯದು ಊರು, ಎರಡನೆಯದು ತಂದೆ, ಮೂರನೆಯದು ಸ್ವಂತ ಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ಸ್ವಂತ ಹೆಸರು ಮುಂದೆ ನಿಂತು, ತಂದೆಯ ಹೆಸರು ನಡುವೆ ಬಂದು, ಮನೆತನದ ಅಡ್ಡಹೆಸರು ಕಡೆಯಲ್ಲಿ ಬರುತ್ತದೆ. ಕನ್ನಡನಾಡಿನ ಎರಡು ಭಾಗಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಈ ಎರಡು ಪದ್ಧತಿಗಳು, ಗಂಡು ಹೆಣ್ಣುಗಳೆರಡೂ ಒಂದೇ ಸೀಮೆಯವರಾಗಿ, ಹೆಂಡತಿಯಾದವಳು ಗಂಡನ ಹೆಸರನ್ನೇ ತನ್ನ ಹೆಸರಿಗೆ ಜೋಡಿಸಿಕೊಳ್ಳುತ್ತಿದ್ದಷ್ಟು ದಿನ ಯಾರಿಗೂ ತೊಡಕನ್ನುಂಟುಮಾಡಲಿಲ್ಲ. ಈಗಲಾದರೋ ಮಂಡ್ಯದ ಕಡೆಯವನು ಶಿರಸಿಯ ಕಡೆಯವಳನ್ನು ಮದುವೆಯಾಗುತ್ತಾನೆ; ಅವನಿಗೆ ಇನಿಷಿಯಲ್ಲುಗಳ ಹೊರತು ಅಡ್ಡಹೆಸರೆಂಬುದೇ ಇಲ್ಲ, ಅವಳು ಹುಟ್ಟಿನಿಂದ ಬಂದ ಅಡ್ಡಹೆಸರನ್ನು ಬಿಡಲೊಪ್ಪುವುದಿಲ್ಲ, ಬಿಡಬೇಕಾದ ಕಾರಣವೂ ಇಲ್ಲ. ಇವರಿಗೆ ಮಗು ಹುಟ್ಟಿದಾಗ ಅದರ ಹೆಸರಿನ ಹಿಂದೆಯೋ ಮುಂದೆಯೋ ಏನನ್ನು ಬರೆಯಿಸಬೇಕು, ಯಾವ ಕಾಗದದಲ್ಲಿ ಮೊದಲು ಬರೆಯಿಸಬೇಕು, ಬರೆಯಿಸಿದ ಮೇಲೆ ಅದು ಕಡೆಯವರೆಗೆ ಒಂದೇ ಆಗಿ ಉಳಿಯಬೇಕಾದರೆ ಎಲ್ಲೆಲ್ಲಿ ಕಣ್ಣಿಟ್ಟಿರಬೇಕು ಎಂಬುದನ್ನು ಇಲ್ಲಿ ವಿಚಾರಿಸುತ್ತೇನೆ.

ಮೊದಲು ಒಂದು ಭ್ರಮೆಯನ್ನು ನಿವಾರಿಸಿಕೊಳ್ಳುವುದು ಅವಶ್ಯಕ. ಮಗುವಿಗೆ ಕುಲನಾಮವಿರಲೇಬೇಕೆಂದಾಗಲಿ, ಇದ್ದರೆ ಅದು ತಂದೆಯದೇ ಆಗಿರತಕ್ಕದ್ದೆಂದಾಗಲಿ 1969ರ ಜನನ ಮರಣ ನೋಂದಣಿ ಅಧಿನಿಯಮವು ಎಲ್ಲಿಯೂ ವಿಧಿಸುವುದಿಲ್ಲ. ಮಗು ಯಾರದೆಂಬುದನ್ನು ಸರ್ಕಾರಕ್ಕೆ ತಿಳಿಸುವುದು ಮಗುವಿನ ಹೆಸರಿನ ಕಡೆಯ ಪದವಲ್ಲ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜೊತೆಗೆ ಪ್ರತ್ಯೇಕವಾಗಿ ಕಾಣಿಸಿಕೊಳ್ಳುವ ತಾಯಿಯ ಹೆಸರು, ತಂದೆಯ ಹೆಸರು ಎಂಬ ಎರಡು ಅಂಕಣಗಳು. ಆದುದರಿಂದ ತಂದೆತಾಯಿಗಳ ಹೆಸರುಗಳು ಪರಸ್ಪರ ಹೊಂದದಿದ್ದರೆ ಯಾವ ಹಾನಿಯೂ ಇಲ್ಲ. ಆದರೆ ತಾಯಿಯ ಅಂಕಣದಲ್ಲಿರುವ ಹೆಸರು ತಾಯಿಯ ಸ್ವಂತ ಕಾಗದಗಳಿಗೂ, ತಂದೆಯ ಅಂಕಣದಲ್ಲಿರುವುದು ತಂದೆಯ ಸ್ವಂತ ಕಾಗದಗಳಿಗೂ ಅಕ್ಷರಶಃ ಹೊಂದದಿದ್ದರೆ ಮುಂದೆ ಬಹಳ ತೊಂದರೆಯುಂಟು. ನನ್ನ ಗಮನಕ್ಕೆ ಬಂದ ಹೆಸರಿನ ತಕರಾರುಗಳಲ್ಲಿ ಹೆಚ್ಚಿನವು ಮಗುವಿನ ಹೆಸರಿನಿಂದಲ್ಲ, ತಂದೆತಾಯಿಗಳ ಹೆಸರನ್ನು ಆಸ್ಪತ್ರೆಯಲ್ಲಿ ಅವಸರದಿಂದ ಬರೆಯಿಸಿದ್ದರಿಂದಲೇ ಹುಟ್ಟಿದವು.

ದೃಷ್ಟಾಂತಕ್ಕಾಗಿ ಒಂದು ಕಲ್ಪಿತ ಸಂಸಾರವನ್ನು ಇಟ್ಟುಕೊಳ್ಳೋಣ. ತಂದೆಯ ಹೆಸರು ರವಿ. ಶಾಲೆಯ ದಾಖಲೆಯಲ್ಲಿ ಎಂ. ಸಿ. ರವಿ, ಎಂದರೆ ಮದ್ದೂರು ಚನ್ನೇಗೌಡ ರವಿ. ಪಾಸ್‌ಪೋರ್ಟು ಮಾಡಿಸುವಾಗ ಇನಿಷಿಯಲ್ಲುಗಳನ್ನು ಬಿಡಿಸಿ ಬರೆಯಬೇಕಾಗಿ ಬಂದುದರಿಂದ ಸ್ವಂತ ಹೆಸರಿನ ಅಂಕಣದಲ್ಲಿ ರವಿ ಎಂದೂ ಸರ್‌ನೇಮ್ ಅಂಕಣದಲ್ಲಿ ಮದ್ದೂರು ಚನ್ನೇಗೌಡ ಎಂದೂ ಆಗಿದೆ. ತಾಯಿ ಸುಮನಾ ಹೆಗಡೆ; ಶಾಲೆಯಲ್ಲಿ ಸುಮನಾ ಗಣಪತಿ ಹೆಗಡೆ, ಆಧಾರ್ ಮತ್ತು ಪಾಸ್‌ಪೋರ್ಟುಗಳಲ್ಲಿ ಸುಮನಾ ಹೆಗಡೆ. ಮಗು ಬೆಂಗಳೂರಿನ ಆಸ್ಪತ್ರೆಯಲ್ಲಿ ಹುಟ್ಟುತ್ತದೆ. ಅದನ್ನು ಇಳಾ ಎಂದು ಕರೆಯಬೇಕೆಂದು ಅಜ್ಜಿ ತಾತಂದಿರೆಲ್ಲರ ಒಪ್ಪಿಗೆಯಾಗಿದೆ. ಉಳಿದಿರುವುದು ಎರಡನೆಯ ಪದವೊಂದೇ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಜನನದ ವರದಿಯನ್ನು ನೋಂದಣಾಧಿಕಾರಿಗೆ ಕಳುಹಿಸುವ ಹೊಣೆ ಆಸ್ಪತ್ರೆಯ ಮೇಲಿನವರದು. ಮನೆಯಲ್ಲಿ ಆದರೆ ಮನೆಯ ಯಜಮಾನನದು. ಅವಧಿ 21 ದಿನ. ಆದುದರಿಂದ ಬಾಣಂತಿಯನ್ನು ಮನೆಗೆ ಕಳುಹಿಸುವ ಹೊತ್ತಿಗೆ, ಬಿಲ್ಲು ಔಷಧ ಚುಚ್ಚುಮದ್ದಿನ ಪುಸ್ತಕಗಳ ಗಡಿಬಿಡಿಯ ನಡುವೆ, ಸಿಬ್ಬಂದಿಯೊಬ್ಬರು ಆಧಾರಿನ ಪ್ರತಿಗಳನ್ನು ಕೇಳಿ ಪಡೆದು ನಮೂನೆಯೊಂದನ್ನು ತುಂಬುತ್ತಾರೆ. ಈ ಗಳಿಗೆಯಲ್ಲಿ ತಂದೆಯಾಗಲಿ ತಾಯಿಯಾಗಲಿ ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಓದತಕ್ಕದ್ದು. ತಾಯಿಯ ಅಂಕಣದಲ್ಲಿ ‘ಸುಮನಾ ರವಿ’ ಎಂದು ಬರೆದಿದ್ದರೆ, ಮದುವೆಯಾದವಳ ಹೆಸರು ಹೀಗೆಯೇ ಇರಬೇಕೆಂಬ ರೂಢಿಯಿಂದ ಯಾರೋ ಬರೆದದ್ದೆಂದು ತಿಳಿದು ‘ಸುಮನಾ ಹೆಗಡೆ’ ಎಂದು ತಿದ್ದಿಸಬೇಕು. ಏಕೆಂದರೆ ಸುಮನಾ ರವಿ ಎಂಬ ಹೆಸರಿನ ವ್ಯಕ್ತಿ ಯಾವ ಸರ್ಕಾರಿ ಕಾಗದದಲ್ಲಿಯೂ ಇಲ್ಲ. ತಂದೆಯ ಅಂಕಣದಲ್ಲಿಯೂ ಎಂ. ಸಿ. ರವಿ ಎಂಬುದಕ್ಕಿಂತ, ಪಾಸ್‌ಪೋರ್ಟಿನಲ್ಲಿರುವ ಬಿಡಿಸಿದ ಹೆಸರೇ ಲೇಸು. ಆದರೆ ಆಧಾರಿನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು ಇರುವವರು ಹೆರಿಗೆಗೆ ಮೊದಲೇ ಅವೆರಡನ್ನೂ ಒಂದು ಮಾಡಿಸಿಕೊಳ್ಳುವುದು ಒಳ್ಳೆಯದು. ಬಸಿರಿನ ತಿಂಗಳುಗಳಲ್ಲಿ ಮಾಡಬಹುದಾದ ಈ ಕೆಲಸವನ್ನು ಮಗು ಬಂದ ಮೇಲೆ ಮಾಡುವುದು ಕಷ್ಟ.

ಮಗುವಿನ ಹೆಸರಿನ ಅಂಕಣವನ್ನು ಕುರಿತ ಇನ್ನೊಂದು ಮಾತನ್ನು ಎಲ್ಲರೂ ಅರಿತಿರುವುದಿಲ್ಲ. ಹೆಸರು ನಿಶ್ಚಯವಾಗದಿದ್ದರೆ ಆ ಅಂಕಣವನ್ನು ಬರಿದಾಗಿ ಬಿಟ್ಟು ಜನನವನ್ನು ಮಾತ್ರ ನೋಂದಾಯಿಸಲು ಅಧಿನಿಯಮದ 14ನೆಯ ಪ್ರಕರಣವು ಅವಕಾಶ ಕೊಟ್ಟಿದೆ. ನೋಂದಣಿಯಾದ ದಿನದಿಂದ 12 ತಿಂಗಳೊಳಗೆ ತಂದೆತಾಯಿಗಳು ಹೆಸರನ್ನು ತಿಳಿಸಿದರೆ ಶುಲ್ಕವಿಲ್ಲದೆ ಸೇರಿಸುತ್ತಾರೆ. ಅನಂತರವೂ 15 ವರ್ಷಗಳವರೆಗೆ ವಿಳಂಬ ಶುಲ್ಕವನ್ನು ತೆತ್ತು ಸೇರಿಸಬಹುದು. ನಾಮಕರಣ ಹನ್ನೆರಡನೆಯ ದಿನವೇ ಆಗದೆ ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಆಗುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಂಥವರು ಒತ್ತಾಯಕ್ಕೆ ಸಿಕ್ಕಿ ಯಾವುದೋ ಹೆಸರನ್ನು ಹೇಳಿಬಿಡುವುದಕ್ಕಿಂತ ಅಂಕಣವನ್ನು ಬರಿದಾಗಿ ಬಿಡುವುದು ಸಾವಿರ ಪಾಲು ಮೇಲು. ಬರಿದಾದುದನ್ನು ತುಂಬುವುದು ಸುಲಭ. ತುಂಬಿದುದನ್ನು ಬದಲಿಸುವುದು ದುಸ್ತರ. ‘ಬೇಬಿ ಆಫ್ ಸುಮನಾ’ ಎಂಬ ಆಸ್ಪತ್ರೆಯ ಚೀಟಿಯ ಹೆಸರು ಆ ಅಂಕಣಕ್ಕೆ ಇಳಿಯದಂತೆಯೂ ನೋಡಿಕೊಳ್ಳಬೇಕು. ಇಳಿಯಿತೆಂದರೆ ಅದೂ ಒಂದು ಹೆಸರಾಗಿ ಎಣಿಕೆಯಾದೀತು.

ಇಷ್ಟು ಎಚ್ಚರಿಕೆ ಹಿಂದೆ ಬೇಕಿರಲಿಲ್ಲ. ನಮ್ಮ ಹಿರಿಯರ ಪೈಕಿ ಜನನ ಪ್ರಮಾಣಪತ್ರವನ್ನು ಕಣ್ಣಿನಿಂದ ನೋಡದವರೇ ಹೆಚ್ಚು. ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡ ಹೆಸರೇ ಹೆಸರು, ಅವರು ಹಾಕಿದ ತಾರೀಖೇ ಹುಟ್ಟಿದ ದಿನವಾಗಿತ್ತು. ಆದರೆ 2023ರಲ್ಲಿ ಅಧಿನಿಯಮವು ತಿದ್ದುಪಡಿಯಾಗಿ, ಆ ವರ್ಷದ ಅಕ್ಟೋಬರ್ 1ರಂದು ಮತ್ತು ಅಲ್ಲಿಂದಾಚೆಗೆ ಹುಟ್ಟಿದವರಿಗೆ, ಶಾಲೆಯ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೌಕರಿ, ಪಾಸ್‌ಪೋರ್ಟು, ಆಧಾರ್ ಇವುಗಳಿಗೆಲ್ಲ ಹುಟ್ಟಿದ ದಿನಕ್ಕೂ ಸ್ಥಳಕ್ಕೂ ಜನನ ಪ್ರಮಾಣಪತ್ರವೇ ಆಧಾರವೆಂದು ನಿರ್ಣಯವಾಯಿತು. ಹುಟ್ಟಿದ ದಿನವನ್ನು ರುಜುಪಡಿಸಲು ಪ್ರತಿಯೊಂದು ಕಡೆಯೂ ಆ ಪತ್ರವನ್ನೇ ತೋರಿಸಬೇಕಾದ ಮೇಲೆ, ಅದರ ಮೇಲಿರುವ ಹೆಸರೂ ಪ್ರತಿಯೊಂದು ಕಡೆಯೂ ಹೋಲಿಕೆಗೆ ಸಿಗುತ್ತದೆ. ಆದ್ದರಿಂದಲೇ ಇಳಾಳ ಎರಡನೆಯ ಪದವನ್ನು ಶಾಲೆಗೆ ಸೇರಿಸುವಾಗ ನೋಡಿಕೊಳ್ಳೋಣವೆಂದು ಮುಂದೂಡುವಂತಿಲ್ಲ.

ಈಗ ಆಯ್ಕೆಗಳನ್ನು ನೋಡೋಣ. ಎರಡನೆಯ ಪದವೇ ಬೇಡ, ಇಳಾ ಎಂದಷ್ಟೇ ಇರಲಿ ಎಂಬುದು ಒಂದು ಪಕ್ಷ. ಜಾತಿಯ ಸುಳಿವು ಹೆಸರಿನಲ್ಲಿರಬಾರದೆಂಬ ಸದುದ್ದೇಶದಿಂದ ಈ ಹಾದಿ ಹಿಡಿದವರನ್ನು ನಾನು ಬಲ್ಲೆ, ಅವರ ಉದ್ದೇಶಕ್ಕೆ ನನ್ನ ಪೂರ್ಣ ಗೌರವವಿದೆ. ನಮ್ಮ ದೇಶದೊಳಗೆ ಇದರಿಂದ ಹೆಚ್ಚಿನ ಅಡಚಣೆಯಿಲ್ಲ. ಪಾಸ್‌ಪೋರ್ಟಿನಲ್ಲಿ ಕೂಡ ಸರ್‌ನೇಮ್ ಅಂಕಣವನ್ನು ಬರಿದಾಗಿ ಬಿಡಬಹುದು. ತೊಡಕು ಗಡಿಯಾಚೆಗಿನದು. ಅಮೆರಿಕದ ವೀಸಾ ಪಡೆಯುವಾಗ ಒಂಟಿ ಹೆಸರು ಸರ್‌ನೇಮಿನ ಸ್ಥಾನಕ್ಕೆ ಹೋಗಿ, ಸ್ವಂತ ಹೆಸರಿನ ಸ್ಥಾನದಲ್ಲಿ `FNU` ಎಂಬ ಮೂರು ಅಕ್ಷರಗಳು, ಎಂದರೆ ಮೊದಲ ಹೆಸರು ತಿಳಿಯದು ಎಂಬ ಸಂಕೇತ, ಕುಳಿತುಕೊಳ್ಳುತ್ತವೆ. ಆಮೇಲೆ ಬ್ಯಾಂಕು ವಿಶ್ವವಿದ್ಯಾಲಯಗಳಲ್ಲಿ ಆ ಅಕ್ಷರಗಳೇ ಆ ಮನುಷ್ಯನ ಹೆಸರಾಗಿಬಿಡುವುದುಂಟು. ಸಂಯುಕ್ತ ಅರಬ್ ಎಮಿರೇಟ್ಸ್ 2022ರ ನವೆಂಬರಿನಲ್ಲಿ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರುಳ್ಳ ಸಂದರ್ಶಕರನ್ನು ಒಳಗೆ ಬಿಡುವುದಿಲ್ಲವೆಂದು ನಿಯಮ ಮಾಡಿ, ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಆಗಬಹುದೆಂದು ಬಳಿಕ ಸಡಿಲಿಸಿತು. ಮಂಗಳೂರು, ಉಡುಪಿ, ಭಟ್ಕಳಗಳಂಥ ಕಡೆ ದುಬೈಗೆ ಹೋಗಿಬರುವವರಿಲ್ಲದ ಬೀದಿಯೇ ಇಲ್ಲವಾದ್ದರಿಂದ ಇದು ದೂರದ ಮಾತೆಂದು ತಳ್ಳಿಹಾಕುವಂತಿಲ್ಲ. ಜಾತಿಸೂಚಕವಲ್ಲದ ಎರಡನೆಯ ಪದಗಳೂ ಬೇಕಾದಷ್ಟು ಇರುವಾಗ ಒಂಟಿ ಪದವನ್ನು ನಾನು ಶಿಫಾರಸು ಮಾಡಲಾರೆ.

ಎರಡನೆಯ ಪಕ್ಷ ನಮ್ಮ ಹಳೆಯ ಮೈಸೂರು ಸೀಮೆಯ ರೂಢಿ, ‘ಇಳಾ ಎಂ. ಆರ್.’ ಎಂದು ಊರು ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಹಚ್ಚುವುದು. ನೋಡಲು ಅಂದವಾದ, ಬರೆಯಲು ಸುಲಭವಾದ ಈ ಪದ್ಧತಿಯೇ ಇಂದು ಅತ್ಯಂತ ಹೆಚ್ಚು ಕಷ್ಟ ಕೊಡುತ್ತಿರುವುದೆಂದು ಹೇಳಲು ನನಗೆ ವ್ಯಥೆಯಾಗುತ್ತದೆ. ಪಾಸ್‌ಪೋರ್ಟಿನವರು ಇನಿಷಿಯಲ್ಲನ್ನು ಬಿಡಿಸಿ ಬರೆಯಿರೆನ್ನುತ್ತಾರೆ. ಪ್ಯಾನ್ ಕಾರ್ಡಿನ ಅರ್ಜಿಯೂ ಹಾಗೆಯೇ ಕೇಳುತ್ತದೆ. ಬಿಡಿಸಿದಾಗ ಎಂ ಎಂಬುದು ಮದ್ದೂರು, ಆರ್ ಎಂಬುದು ರವಿ. ಅಲ್ಲಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ `ILA M R`, ಪಾಸ್‌ಪೋರ್ಟಿನಲ್ಲಿ `ILA MADDUR RAVI`, ಕಾಲೇಜಿನವರು ಇನಿಷಿಯಲ್ಲುಗಳನ್ನು ಮುಂದಕ್ಕೆ ತಂದು ಬರೆದ ಪದವಿ ಪತ್ರದಲ್ಲಿ `M R ILA`. ಮೂವರೂ ಒಬ್ಬಳೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿಕೊಂಡು ಅಲೆಯುವ ಯುವಕ ಯುವತಿಯರನ್ನು ಯಾವ ತಾಲ್ಲೂಕು ಕಚೇರಿಯ ಮುಂದೆಯಾದರೂ ನೋಡಬಹುದು. ಇನಿಷಿಯಲ್ಲನ್ನು ಪ್ರೀತಿಸುವವರು ಅದನ್ನು ಸಹಿಯಲ್ಲಿ ಉಳಿಸಿಕೊಳ್ಳಲಿ. ಜನನ ಪ್ರಮಾಣಪತ್ರದಲ್ಲಿ ಮಾತ್ರ ಯಾವ ಅಕ್ಷರವೂ ಚುಕ್ಕೆಯೊಡನೆ ಒಂಟಿಯಾಗಿ ನಿಲ್ಲಬಾರದು.

ಉಳಿದದ್ದು ಪೂರ್ಣವಾದ ಎರಡನೆಯ ಪದ. ಅದು ರವಿಯೂ ಆಗಬಹುದು, ಹೆಗಡೆಯೂ ಆಗಬಹುದು, ಮದ್ದೂರು ಎಂಬ ಊರೂ ಆಗಬಹುದು, ಸುಮನಾ ಎಂಬ ತಾಯಿಯ ಸ್ವಂತ ಹೆಸರೂ ಆಗಬಹುದು. ಈ ನಾಲ್ಕರಲ್ಲಿ ಯಾವುದಕ್ಕೂ ಕಾನೂನಿನ ಅಡ್ಡಿಯಿಲ್ಲ. ಇಳಾ ರವಿ ಎಂದರೆ ಪದ ಚಿಕ್ಕದು, ಎಲ್ಲ ಅರ್ಜಿಗಳಲ್ಲಿಯೂ ಹಿಡಿಸುತ್ತದೆ, ಇನಿಷಿಯಲ್ ಪದ್ಧತಿಗೆ ಸಮೀಪವಾದ್ದರಿಂದ ತಂದೆಯ ಕಡೆಯವರಿಗೂ ಒಗ್ಗುತ್ತದೆ. ಆದರೆ ತಂದೆಯ ಸರ್‌ನೇಮ್ ಮದ್ದೂರು ಚನ್ನೇಗೌಡ, ಮಗಳದು ರವಿ, ತಾಯಿಯದು ಹೆಗಡೆ ಎಂದು ಮೂವರಿಗೂ ಬೇರೆ ಬೇರೆಯಾಗುವುದನ್ನು ಒಪ್ಪಿಕೊಳ್ಳಬೇಕು. ಇಳಾ ಹೆಗಡೆ ಎಂದರೆ ಮನೆಯಲ್ಲಿ ಒಬ್ಬರೊಂದಿಗಾದರೂ ಮಗುವಿನ ಹೆಸರು ಹೊಂದುತ್ತದೆ. ತಾಯಿಯ ಕಡೆಯ ಹೆಸರು ಹೊರುವುದೇ ವಿಪರೀತವೆಂದು ಹುಬ್ಬೇರಿಸುವವರು, ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಬಳಿ ಅಥವಾ ಬರಿ ತಾಯಿಯ ಮೂಲಕವೇ ಮಕ್ಕಳಿಗೆ ಇಳಿದುಬಂದಿರುವುದನ್ನು ಒಮ್ಮೆ ನೆನೆಯಬೇಕು. ಎಲ್ಲರನ್ನೂ ಮೆಚ್ಚಿಸಬೇಕೆಂದು ‘ಇಳಾ ಮದ್ದೂರು ರವಿ ಹೆಗಡೆ’ ಎಂದು ಮಾಡುವವರಿಗೆ ನನ್ನ ವಿನಂತಿಯೆಂದರೆ, ಆ ಹೆಸರನ್ನು ಒಂದು ಪಾಸ್‌ಪೋರ್ಟಿನ ಅರ್ಜಿಯಲ್ಲಿ, ಒಂದು ವಿಮಾನದ ಟಿಕೆಟ್ಟಿನಲ್ಲಿ, ಒಂದು ಪರೀಕ್ಷೆಯ ಅರ್ಜಿಯಲ್ಲಿ ಮನಸ್ಸಿನಲ್ಲಿಯೇ ತುಂಬಿ ನೋಡಿ. ಎಲ್ಲಿಂದ ಸರ್‌ನೇಮ್ ಪ್ರಾರಂಭವಾಗುತ್ತದೆಂಬ ಪ್ರಶ್ನೆಗೆ ಮೂರು ಕಡೆಯೂ ಒಂದೇ ಉತ್ತರ ಬರುವುದೇ? ಬಾರದಿದ್ದರೆ ಮೊಟಕುಗೊಳಿಸಿರಿ. ನನ್ನ ಅಭಿಪ್ರಾಯದಲ್ಲಿ ಎರಡೇ ಪದ, ಎರಡೂ ಪೂರ್ಣ, ಸ್ವಂತ ಹೆಸರು ಮೊದಲು. ಎರಡನೆಯ ಮಗುವಾದರೆ ಅದಕ್ಕೂ ಅದೇ ಎರಡನೆಯ ಪದ ಬರುವುದೆಂದು ಗಂಡಹೆಂಡಿರು ಈಗಲೇ ಮಾತಾಡಿಕೊಂಡಿರುವುದು ಮೇಲು.

ಇಳಾ ಹೆಗಡೆ ಎಂದು ನಿಶ್ಚಯವಾಯಿತೆಂದೇ ಇಟ್ಟುಕೊಳ್ಳೋಣ. ಮುಂದೆ ಇಂಗ್ಲಿಷ್ ಅಕ್ಷರಗಳ ವಿಷಯ. ಪ್ರಮಾಣಪತ್ರದಲ್ಲಿ ಕನ್ನಡ ಇಂಗ್ಲಿಷ್ ಎರಡೂ ಇರುತ್ತವೆ. ಕನ್ನಡದಲ್ಲಿ ಇಳಾ ಎಂಬುದಕ್ಕೆ ಒಂದೇ ರೂಪವಿದ್ದರೆ ಇಂಗ್ಲಿಷಿನಲ್ಲಿ `ILA`, `ILAA`, `EELA` ಎಂದು ಮೂರು ಬಗೆಯಾಗಿಯೂ ಬರೆಯುವವರುಂಟು, ಹೆಗಡೆ ಎಂಬುದಕ್ಕೂ `HEGDE`, `HEGADE` ಎಂಬ ಎರಡು ರೂಪಗಳಿವೆ. ತಾಯಿಯ ಪಾಸ್‌ಪೋರ್ಟಿನಲ್ಲಿ ಯಾವ ರೂಪವಿದೆಯೋ ಅದನ್ನೇ ಮಗುವಿಗೂ ಇಡಬೇಕು. ಅಕ್ಷರ ಅಕ್ಷರವಾಗಿ ಒಂದು ಚೀಟಿಯಲ್ಲಿ ಬರೆದುಕೊಟ್ಟು, ಮುದ್ರಣಕ್ಕೆ ಮೊದಲು ಪರದೆಯ ಮೇಲೆ ತೋರಿಸಿರೆಂದು ಕೇಳುವುದು ಅವಿನಯವಲ್ಲ. ನೋಂದಣಿ ಕರ್ನಾಟಕದಲ್ಲಿ ಇ-ಜನ್ಮ ಎಂಬ ವ್ಯವಸ್ಥೆಯ ಮೂಲಕ ನಡೆಯುವುದರಿಂದ ಒಮ್ಮೆ ಒಳಸೇರಿದ ಅಕ್ಷರವೇ ಮುಂದಿನ ಎಲ್ಲ ಪ್ರತಿಗಳಲ್ಲಿಯೂ ಬರುತ್ತದೆ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಆಧಾರ್. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚು ತೆಗೆದುಕೊಳ್ಳದೆ, ತಂದೆ ಅಥವಾ ತಾಯಿಯ ಆಧಾರಿಗೆ ಜೋಡಿಸಿ ಕೊಡುತ್ತಾರೆ. ಹೆಸರನ್ನು ಜನನ ಪ್ರಮಾಣಪತ್ರದಂತೆಯೇ ಬರೆಯಿಸಬೇಕು, ಏಕೆಂದರೆ ಆಧಾರಿನಲ್ಲಿ ಹೆಸರನ್ನು ಜೀವಮಾನದಲ್ಲಿ ಸಾಮಾನ್ಯವಾಗಿ ಎರಡು ಸಲ ಮಾತ್ರ ಬದಲಿಸಲು ಬಿಡುತ್ತಾರೆ, ಅದರಲ್ಲೊಂದನ್ನು ಕೂಸಿನ ಕಾಲದಲ್ಲಿಯೇ ವ್ಯಯಮಾಡುವುದು ಜಾಣತನವಲ್ಲ. ಆಮೇಲೆ ಶಾಲೆ. ಇಲ್ಲಿಯೇ ಹೆಚ್ಚು ಹೆಸರುಗಳು ದಾರಿ ತಪ್ಪುವುದು. ಪ್ರವೇಶ ಪಡೆಯುವ ದಿನ ಶಿಕ್ಷಕರು, ಹೆಗಡೆ ಎಂದಿದ್ದರೂ ತಂದೆ ರವಿ ಎಂದು ನೋಡಿ, ವಾಡಿಕೆಯಂತೆ ಒಂದು ಆರ್ ಸೇರಿಸಿ ‘ಇಳಾ ಆರ್. ಹೆಗಡೆ’ ಎಂದು ದಾಖಲಿಸಿಬಿಡಬಹುದು; ಅದು ಒಳ್ಳೆಯ ಮನಸ್ಸಿನಿಂದಲೇ ಆಗುವ ಕೆಲಸ. ‘ಮೇಷ್ಟ್ರೇ, ಈ ಸರ್ಟಿಫಿಕೇಟಿನಲ್ಲಿ ಹೇಗಿದೆಯೋ ಹಾಗೇ ಬರೆದುಕೊಳ್ಳಿ, ಇನಿಷಿಯಲ್ ಬೇಡ’ ಎಂದು ಅಲ್ಲಿಯೇ ಹೇಳಿ, ಪ್ರವೇಶ ಪುಸ್ತಕದ ಸಾಲನ್ನು ಓದಿ ನೋಡಬೇಕು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲು ಶಾಲೆಯಿಂದ ಮಂಡಲಿಗೆ ಹೋಗುವ ನಾಮಿನಲ್ ರೋಲ್ ಎಂಬ ಪಟ್ಟಿಯನ್ನು ವಿದ್ಯಾರ್ಥಿಗೆ ತೋರಿಸುತ್ತಾರೆ. ಹುಡುಗರು ಹುಡುಗಿಯರು ನೋಡದೆ ಸಹಿ ಮಾಡಿಬಿಡುತ್ತಾರೆ. ಅಂದಿನ ದಿನ ತಂದೆತಾಯಿಗಳಲ್ಲೊಬ್ಬರು ಪ್ರಮಾಣಪತ್ರ ಹಿಡಿದುಕೊಂಡು ಹೋಗಿ ನೋಡಿದರೆ ಅಂಕಪಟ್ಟಿಯ ತಿದ್ದುಪಡಿ ಎಂಬ ಪ್ರಯಾಸ ತಪ್ಪುತ್ತದೆ.

ಇಷ್ಟಾಗಿಯೂ ತಪ್ಪಿದ್ದರೆ? ಅಕ್ಷರದ ದೋಷವಾದರೆ ಅಧಿನಿಯಮದ 15ನೆಯ ಪ್ರಕರಣದಂತೆ, ರುಜುವಾತನ್ನು ನೋಡಿ, ಮೂಲ ಬರಹವನ್ನು ಅಳಿಸದೆ ಅಂಚಿನಲ್ಲಿ ಬರೆದು ನೋಂದಣಾಧಿಕಾರಿಯೇ ಸರಿಪಡಿಸಬಲ್ಲರು. ಆದರೆ ತಪ್ಪಲ್ಲದ ಹೆಸರನ್ನು ಮನಸ್ಸು ಬದಲಾಯಿತೆಂದು ಬದಲಿಸಿಕೊಡಲು ಆ ಪ್ರಕರಣದಲ್ಲಿ ಸ್ಪಷ್ಟವಾದ ಅವಕಾಶವಿಲ್ಲವೆಂದು ಅಧಿಕಾರಿಗಳು ನಿರಾಕರಿಸುತ್ತ ಬಂದರು. ಉಡುಪಿಯ ಮಗುವೊಂದರ ವಿಷಯದಲ್ಲಿ ಇದೇ ಪ್ರಶ್ನೆ ಎದ್ದಾಗ ಕರ್ನಾಟಕ ಉಚ್ಚ ನ್ಯಾಯಾಲಯವು 2025ರಲ್ಲಿ, ಶಾಸನ ರಚನೆಯಾಗುವವರೆಗೆ ಅಧಿಕಾರಿಗಳು ವಿಚಾರಣೆ ನಡೆಸಿ ಹೊಸ ಹೆಸರನ್ನು ದಾಖಲಿಸಬಹುದೆಂದೂ, ಹಿಂದಿನ ಹೆಸರು ಹೊಸ ಹೆಸರು ಎರಡೂ ಪುಸ್ತಕದಲ್ಲಿ ಕಾಣುವಂತಿರಬೇಕೆಂದೂ ಹೇಳಿತು. ಬದಲಾವಣೆಗೆ ದಾರಿ ತೆರೆದಿರುವುದು ನಿಜ. ಆದರೆ ಹಳೆಯ ಹೆಸರು ಮಾಯವಾಗುವುದಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು.

ತಂದೆ ತಾಯಿಗಳಿಬ್ಬರಲ್ಲಿ ಒಬ್ಬರೇ ಮಗುವನ್ನು ಸಾಕುತ್ತಿರುವ ಮನೆಗಳ ಮಾತನ್ನು ಬಿಟ್ಟರೆ ಈ ಲೇಖನ ಅಪೂರ್ಣವಾದೀತು. ಮದುವೆಯಾಗದ ತಾಯಿಯೊಬ್ಬಳು ಮಗು ತನ್ನದೆಂದು ಅಫಿಡವಿಟ್ ಸಲ್ಲಿಸಿದರೆ, ತಂದೆಯ ಹೆಸರನ್ನು ಕೇಳದೆ ಜನನ ಪ್ರಮಾಣಪತ್ರ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ನಿರ್ದೇಶಿಸಿತು. 2016ರ ಡಿಸೆಂಬರಿನಿಂದ ಪಾಸ್‌ಪೋರ್ಟಿನ ಅರ್ಜಿಯಲ್ಲಿ ತಂದೆತಾಯಿಗಳಲ್ಲಿ ಒಬ್ಬರ ಹೆಸರಿದ್ದರೆ ಸಾಕು. 2018ರ ಡಿಸೆಂಬರಿನಿಂದ, ತಾಯಿಯೊಬ್ಬಳೇ ಪೋಷಕಿಯಾಗಿರುವವರಿಗೆ ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ಗಂಡ ತೀರಿಕೊಂಡ ಬಳಿಕ ಮರುಮದುವೆಯಾದ ತಾಯಿಯೊಬ್ಬಳ ಪ್ರಕರಣದಲ್ಲಿ, ಮಗುವಿನ ಕುಲನಾಮವನ್ನು ನಿರ್ಧರಿಸುವ ಹಕ್ಕು ಸಹಜ ಪೋಷಕಿಯಾದ ತಾಯಿಗಿದೆಯೆಂದು 2022ರ ಜುಲೈನಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ಕಚೇರಿಯ ಕಿಟಕಿಯಲ್ಲಿ ‘ಅಪ್ಪನ ಹೆಸರು ಇಲ್ಲದೆ ಆಗಲ್ಲಮ್ಮ’ ಎಂಬ ಉತ್ತರ ಬಂದರೆ, ಯಾವ ನಿಯಮದಂತೆ ಆಗುವುದಿಲ್ಲವೆಂಬುದನ್ನು ಬರೆದು ಕೊಡಿರೆಂದು ಶಾಂತವಾಗಿ ಕೇಳಿ, ತಮ್ಮ ಅರ್ಜಿಗೆ ಸ್ವೀಕೃತಿ ಪಡೆದುಕೊಂಡು ಬರಬೇಕು.

ಇನ್ನು ಪ್ರಯಾಣದ ವಿಷಯ. ಇಳಾ ಹೆಗಡೆ ತನ್ನ ತಂದೆ ರವಿ ಮದ್ದೂರು ಚನ್ನೇಗೌಡನೊಡನೆ ತಾಯಿಯಿಲ್ಲದೆ ಹೊರದೇಶಕ್ಕೆ ಹೊರಟಾಗ, ಹೆಸರು ಹೊಂದದ ಗಂಡಸು ಮತ್ತು ಮಗುವನ್ನು ಕಂಡು ವಲಸೆ ಅಧಿಕಾರಿ ಪ್ರಶ್ನಿಸುವುದು ಸಹಜ. ಮಕ್ಕಳ ಅಪಹರಣವನ್ನು ತಡೆಯುವುದೂ ಅವರ ಕರ್ತವ್ಯವಲ್ಲವೆ? ಜನನ ಪ್ರಮಾಣಪತ್ರದ ಮೂಲವನ್ನೂ, ಪ್ರಯಾಣಕ್ಕೆ ತನ್ನ ಒಪ್ಪಿಗೆಯಿದೆಯೆಂದು ತಾಯಿ ಸಹಿ ಮಾಡಿ ನೋಟರಿಯಿಂದ ದೃಢೀಕರಿಸಿದ ಪತ್ರವನ್ನೂ, ಅವಳ ಪಾಸ್‌ಪೋರ್ಟಿನ ಪ್ರತಿಯನ್ನೂ ಪೆಟ್ಟಿಗೆಯಲ್ಲಿಡದೆ ಕೈಚೀಲದಲ್ಲಿ ಇಟ್ಟುಕೊಂಡು ಹೋಗಬೇಕು. ಪ್ರಮಾಣಪತ್ರದ ತಂದೆಯ ಅಂಕಣದಲ್ಲಿ ಎಂ. ಸಿ. ರವಿ ಎಂದಿರದೆ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇದ್ದರೆ, ಅಲ್ಲಿಗೆ ಪ್ರಶ್ನೆ ಮುಗಿಯುತ್ತದೆ.